ಇತಿಹಾಸದ ಅಧ್ಯಾಯಕ್ಕೆ ಮೈಂಡ್ ಮ್ಯಾಪ್: ಕೊಂಬೆಗಳನ್ನು ಯಾವ ಆಧಾರದ ಮೇಲೆ ಗುಂಪು ಮಾಡಬೇಕು?

ಪರೀಕ್ಷೆಗೆ ಮುನ್ನ ಇತಿಹಾಸದ ಅಧ್ಯಾಯವೊಂದನ್ನು ಮರಳಿ ನೋಡಿಕೊಳ್ಳಲು ಮೈಂಡ್ ಮ್ಯಾಪ್ ಬರೆಯುವ ವಿದ್ಯಾರ್ಥಿಗೆ, ಹಾಳೆಯ ನಡುವೆ ಅಧ್ಯಾಯದ ಹೆಸರನ್ನು ಬರೆದು ಸುತ್ತ ಒಂದು ವೃತ್ತ ಎಳೆಯುವವರೆಗೆ ಯಾವ ತೊಡಕೂ ಇರುವುದಿಲ್ಲ. ತೊಡಕು ಮೊದಲಾಗುವುದು ಆ ವೃತ್ತದಿಂದ ಹೊರಡುವ ಮೊದಲ ಕೊಂಬೆಗೆ ಹೆಸರಿಡುವಾಗ. ಅಲ್ಲಿ ಬರೆಯುವ ನಾಲ್ಕೈದು ಹೆಸರುಗಳು ಅಧ್ಯಾಯದ ಪ್ರತಿಯೊಂದು ಸಂಗತಿಯೂ ಯಾವುದರ ಪಕ್ಕದಲ್ಲಿ ಕೂರಬೇಕು ಎಂಬುದನ್ನು ನಿರ್ಧರಿಸಿಬಿಡುತ್ತವೆ, ಮತ್ತು ಪರೀಕ್ಷೆಯ ಕೊಠಡಿಯಲ್ಲಿ ಒಂದು ಸಂಗತಿ ನೆನಪಾದಾಗ ಅದರ ಜೊತೆಗೆ ಇನ್ನಾವುದು ನೆನಪಾಗುತ್ತದೆ ಎಂಬುದೂ ಬಹುಪಾಲು ಅದನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ಕೊಂಬೆಗಳನ್ನು ಗುಂಪು ಮಾಡುವ ಬೇರೆ ಬೇರೆ ಕ್ರಮಗಳನ್ನು ಇಲ್ಲಿ ಒಂದೇ ಅಧ್ಯಾಯದ ಮೇಲೆ ಪ್ರಯೋಗಿಸಿ ಹೋಲಿಸಿದ್ದೇನೆ. ಅನೇಕ ದೇಶಗಳ ಪಠ್ಯಪುಸ್ತಕಗಳಲ್ಲಿ ಇರುವ ಫ್ರಾನ್ಸಿನ ಮಹಾಕ್ರಾಂತಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ, ಏಕೆಂದರೆ ಆ ಅಧ್ಯಾಯದಲ್ಲಿ ದಿನಾಂಕಗಳೂ ಕಾರಣಗಳೂ ವ್ಯಕ್ತಿಗಳೂ ಸಾಕಷ್ಟು ಒತ್ತಾಗಿ ಬರುತ್ತವೆ ಮತ್ತು ತಪ್ಪು ವಿಂಗಡಣೆಯ ಫಲ ಬೇಗನೆ ಕಣ್ಣಿಗೆ ಬೀಳುತ್ತದೆ.

ಎದುರಿಗಿರುವ ನಾಲ್ಕು ದಾರಿಗಳು

ಅತ್ಯಂತ ಸುಲಭವಾದದ್ದು ಪುಸ್ತಕದ ಉಪಶೀರ್ಷಿಕೆಗಳನ್ನೇ ಕೊಂಬೆಗಳನ್ನಾಗಿ ಮಾಡಿಕೊಳ್ಳುವುದು. ಹೀಗೆ ಮಾಡಿದಾಗ ಯಾವ ಭಾಗವೂ ಬಿಟ್ಟುಹೋಗುವುದಿಲ್ಲ ಎಂಬ ಭರವಸೆ ದೊರೆಯುತ್ತದೆ, ಆದರೆ ವಿದ್ಯಾರ್ಥಿಯು ಒಂದು ನಿರ್ಧಾರವನ್ನೂ ತೆಗೆದುಕೊಂಡಿರುವುದಿಲ್ಲ. ಪರಿವಿಡಿಯನ್ನು ದುಂಡಗೆ ಬರೆದರೆ ಅದು ದುಂಡಗಿನ ಪರಿವಿಡಿಯೇ ಆಗುತ್ತದೆ. ಅಧ್ಯಾಯವನ್ನು ಮೊದಲ ಬಾರಿ ಓದುವಾಗ ಅದರ ವಿಸ್ತಾರ ತಿಳಿಯಲು ಇದು ಸಾಕು, ಪುನರ್ಮನನಕ್ಕೆ ಸಾಲದು.

ಎರಡನೆಯದು ಕಾಲಕ್ರಮ. 1789, 1791, 1792, 1793 ಹೀಗೆ ವರ್ಷಕ್ಕೊಂದು ಕೊಂಬೆ. ಮೂರನೆಯದು ಕಾರಣ, ಘಟನೆ, ಪರಿಣಾಮ ಎಂಬ ಮೂರು ಕೊಂಬೆಗಳ ವಿಂಗಡಣೆ. ಪರೀಕ್ಷೆಯ ಪ್ರಶ್ನೆಗಳು ಈ ಪದಗಳನ್ನೇ ಬಳಸುವುದರಿಂದ ಇದು ಬಹಳ ಮಂದಿಗೆ ಪ್ರಿಯವಾದದ್ದು. ಆದರೆ ಕ್ರಾಂತಿಯಂಥ ಅಧ್ಯಾಯದಲ್ಲಿ ಒಂದರ ಪರಿಣಾಮವೇ ಮತ್ತೊಂದರ ಕಾರಣವಾಗಿರುತ್ತದೆ. 1792ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ಅದು 1789ರ ಪರಿಣಾಮವೂ ಹೌದು, ಅದೇ ಆಗಸ್ಟ್‌ನಲ್ಲಿ ಅರಸೊತ್ತಿಗೆ ಉರುಳುವುದಕ್ಕೆ ಕಾರಣವೂ ಹೌದು. ಮೂರೇ ಕೊಂಬೆಗಳ ನಕ್ಷೆಯಲ್ಲಿ ಇಂಥ ಸಂಗತಿಗಳೆಲ್ಲ 'ಘಟನೆ' ಎಂಬ ನಡುವಿನ ಕೊಂಬೆಗೆ ಬಂದು ಬೀಳುತ್ತವೆ. ಆ ಒಂದು ಕೊಂಬೆ ಊದಿಕೊಂಡು ಉಳಿದೆರಡು ಸೊರಗುತ್ತವೆ.

ನಾಲ್ಕನೆಯದು ವಿಷಯದ ಎಳೆಗಳ ಮೇಲೆ ಗುಂಪು ಮಾಡುವುದು. ಯಾವ ವರ್ಷದಲ್ಲಿ ನಡೆದಿರಲಿ, ಒಂದೇ ಸಮಸ್ಯೆಗೆ ಸೇರಿದ ಸಂಗತಿಗಳೆಲ್ಲ ಒಂದೇ ಕೊಂಬೆಯ ಮೇಲೆ ಬರುತ್ತವೆ. ಪುನರ್ಮನನಕ್ಕೆ ನನ್ನ ಆಯ್ಕೆ ಇದೇ. ಪುಸ್ತಕ ಕಾಲಕ್ರಮದಲ್ಲಿ ಹೇಳಿದ್ದನ್ನು ಎಳೆಗಳಾಗಿ ಬಿಡಿಸಬೇಕಾದರೆ ಪ್ರತಿಯೊಂದು ಸಂಗತಿಯನ್ನೂ ಕೈಯಲ್ಲಿ ಹಿಡಿದು 'ಇದು ಯಾವುದಕ್ಕೆ ಸೇರಿದ್ದು' ಎಂದು ಕೇಳಲೇಬೇಕಾಗುತ್ತದೆ. ಆ ಕೇಳುವಿಕೆಯಲ್ಲಿಯೇ ಅಧ್ಯಾಯ ಅರ್ಥವಾಗುತ್ತದೆ. ಆದರೂ ಈ ದಾರಿಯ ಒಳಗೇ ಎರಡು ಕವಲುಗಳಿವೆ, ಮತ್ತು ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲಿ.

ಸಿದ್ಧ ವಿಷಯಗಳೋ, ಅಧ್ಯಾಯದಿಂದ ಹೆಕ್ಕಿದ ಎಳೆಗಳೋ?

ವಿಷಯವಾರು ನಕ್ಷೆ ಎಂದೊಡನೆ ರಾಜಕೀಯ, ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಎಂಬ ನಾಲ್ಕು ಕೊಂಬೆಗಳು ತಾವಾಗಿಯೇ ಹಾಳೆಯ ಮೇಲೆ ಬಂದು ಕುಳಿತುಬಿಡುತ್ತವೆ. ಇವು ತಪ್ಪಲ್ಲ. ಗಡುವು ಹತ್ತಿರವಿದ್ದು ಒಂದೇ ಸಂಜೆಯಲ್ಲಿ ಮೂರು ಅಧ್ಯಾಯಗಳನ್ನು ನೋಡಬೇಕಾದಾಗ, ಎಲ್ಲ ಅಧ್ಯಾಯಗಳಿಗೂ ಹೊಂದುವ ಇಂಥ ಚೌಕಟ್ಟು ಯೋಚಿಸುವ ಸಮಯವನ್ನು ಉಳಿಸುತ್ತದೆ. ಆದರೆ ಎಲ್ಲದಕ್ಕೂ ಹೊಂದುವುದೇ ಇವುಗಳ ದೋಷ ಕೂಡ. 'ಆರ್ಥಿಕ' ಎಂಬ ಪದವನ್ನು ನೋಡಿದಾಗ ಫ್ರಾನ್ಸಿನ ಅರಸನ ಸಾಲವೇ ನೆನಪಾಗಬೇಕು ಎಂಬುದಕ್ಕೆ ಯಾವ ಕಾರಣವೂ ಇಲ್ಲ. ಕೈಗಾರಿಕಾ ಕ್ರಾಂತಿಯ ಅಧ್ಯಾಯದಲ್ಲಿಯೂ ಅದೇ ಪದ, ಅದೇ ಮೂಲೆಯಲ್ಲಿ, ಅದೇ ಬಣ್ಣದಲ್ಲಿ ಇರುತ್ತದೆ. ಒಂದೇ ಕೊಕ್ಕೆಗೆ ಹತ್ತು ಅಂಗಿಗಳನ್ನು ನೇತುಹಾಕಿದರೆ ಬೇಕಾದ ಅಂಗಿ ತಕ್ಷಣ ಕೈಗೆ ಸಿಗುವುದಿಲ್ಲ.

ಇದಕ್ಕಿಂತ ಕಷ್ಟವಾದರೂ ಹೆಚ್ಚು ಫಲ ಕೊಡುವುದು, ಆ ಅಧ್ಯಾಯಕ್ಕೆ ಮಾತ್ರ ಸಲ್ಲುವ ಎಳೆಗಳನ್ನು ಹುಡುಕಿ ಅವನ್ನು ಪ್ರಶ್ನೆಯ ರೂಪದಲ್ಲಿ ಬರೆಯುವುದು. ಎಳೆಯನ್ನು ಗುರುತಿಸುವ ಬಗೆ ಸರಳವಾಗಿದೆ. ಅಧ್ಯಾಯವನ್ನು ಒಮ್ಮೆ ಓದಿ, ಆರಂಭದಲ್ಲಿ ಕಾಣಿಸಿಕೊಂಡು ನಡುವೆ ಮತ್ತೆ ತಲೆಯೆತ್ತಿ ಕೊನೆಯಲ್ಲಿಯೂ ಬರುವ ಸಂಗತಿ ಯಾವುದು ಎಂದು ನೋಡಬೇಕು. ಮೂರು ಕಡೆ ಬರದಿದ್ದರೆ ಅದು ಎಳೆಯಲ್ಲ, ಒಂದು ಬಿಡಿ ಘಟನೆ. ಫ್ರಾನ್ಸಿನ ಅಧ್ಯಾಯದಲ್ಲಿ ಬಾಸ್ಟಿಲ್ ಕೋಟೆಯ ಪತನ ಎಷ್ಟೇ ಪ್ರಸಿದ್ಧವಾಗಿದ್ದರೂ ಅದು ಕೊಂಬೆಯ ಹೆಸರಾಗಲಾರದು, ಏಕೆಂದರೆ 1789ರ ಜುಲೈ 14ರಂದು ನಡೆದು ಮುಗಿದ ಘಟನೆ ಅದು. ಬ್ರೆಡ್ಡಿನ ಬೆಲೆ ಮಾತ್ರ ಕ್ರಾಂತಿಗೆ ಮುಂಚೆ, ಕ್ರಾಂತಿಯ ಮೊದಲ ವರ್ಷದಲ್ಲಿ, ಸಾವಿರಾರು ಮಂದಿಯನ್ನು ಗಿಲೊಟಿನ್‌ಗೆ ಕಳಿಸಿದ 1793–94ರ ಭೀಕರ ಆಡಳಿತದ ಕಾಲದಲ್ಲಿ ಮತ್ತು ಅದರ ನಂತರವೂ ಜನರನ್ನು ಬೀದಿಗೆ ತಂದಿತು. ಅದು ಎಳೆ.

ಹೀಗೆ ನೋಡುತ್ತಾ ಹೋದರೆ ಈ ಅಧ್ಯಾಯದಲ್ಲಿ ನಾಲ್ಕು ಎಳೆಗಳು ಸ್ಪಷ್ಟವಾಗಿ ಸಿಗುತ್ತವೆ: ತೆರಿಗೆಯ ಹೊರೆ ಯಾರ ಮೇಲೆ? ಬ್ರೆಡ್ ಯಾರಿಗೆ ಸಿಕ್ಕಿತು? ಆಳುವ ಅಧಿಕಾರ ಯಾರದು? ಹಕ್ಕು ಯಾರಿಗೆ, ಯಾರಿಗಿಲ್ಲ? ಈ ನಾಲ್ಕರಲ್ಲಿ ಮೊದಲೆರಡು ಹಳೆಯ 'ಆರ್ಥಿಕ' ಕೊಂಬೆಯಿಂದ ಒಡೆದು ಬಂದವು ಎಂಬುದನ್ನು ಗಮನಿಸಬೇಕು. ಒಂದೇ ಕೊಂಬೆಯಲ್ಲಿ ಇರಿಸಿದ್ದರೆ ಅರಸನ ಬೊಕ್ಕಸದ ಬಿಕ್ಕಟ್ಟೂ ಬಡವರ ಹೊಟ್ಟೆಯ ಬಿಕ್ಕಟ್ಟೂ ಒಂದೇ ಎನಿಸುತ್ತಿತ್ತು. ವಾಸ್ತವದಲ್ಲಿ ಅವೆರಡಕ್ಕೂ ಬೇರೆ ಬೇರೆ ಕಾರಣಗಳಿದ್ದವು, ಮತ್ತು ಅವು 1789ರಲ್ಲಿ ಒಟ್ಟಿಗೆ ಬಂದದ್ದರಿಂದಲೇ ಪರಿಸ್ಥಿತಿ ಅಷ್ಟು ಬಿಗಡಾಯಿಸಿತು. ಕೊಂಬೆಯನ್ನು ಒಡೆದ ಒಂದು ನಿರ್ಧಾರದಿಂದಲೇ ವಿದ್ಯಾರ್ಥಿಗೆ ಉತ್ತರದಲ್ಲಿ ಬರೆಯಬಹುದಾದ ಒಂದು ವಾದ ದೊರೆಯುತ್ತದೆ.

ವಿಷಯವಾರು ನಕ್ಷೆಯ ದೊಡ್ಡ ಕೊರತೆ ಮತ್ತು ಅದಕ್ಕೊಂದು ಪರಿಹಾರ

ಎಳೆಗಳ ಮೇಲೆ ಗುಂಪು ಮಾಡಿದಾಗ ಕಳೆದುಹೋಗುವುದು ಕಾಲ. 'ಹಕ್ಕು' ಎಂಬ ಕೊಂಬೆಯ ಮೇಲೆ 1789, 1791, 1794 ಮತ್ತು 1848 ಅಕ್ಕಪಕ್ಕ ಕುಳಿತಾಗ ಅವುಗಳ ನಡುವಿನ ಅಂತರ ಕಣ್ಣಿಗೆ ಕಾಣುವುದಿಲ್ಲ. ಬೇರೆ ಬೇರೆ ಕೊಂಬೆಗಳ ಮೇಲಿರುವ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬುದಂತೂ ಇನ್ನೂ ಮಸುಕಾಗುತ್ತದೆ. ಕಾಲಕ್ರಮದ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳುವುದು ಸಾಮಾನ್ಯವಾಗಿ ಕೊಡುವ ಸಲಹೆ. ಆದರೆ ಎರಡು ಹಾಳೆಗಳನ್ನು ಮನಸ್ಸಿನಲ್ಲಿ ಒಂದರ ಮೇಲೊಂದು ಹೊಂದಿಸಿ ನೋಡುವುದು ಸುಲಭವಲ್ಲ.

ನಾನು ಸೂಚಿಸುವುದು ವೃತ್ತಗಳನ್ನು. ಕೊಂಬೆಯ ದಿಕ್ಕು ಎಳೆಯನ್ನು ಹೇಳಲಿ, ನಡುವಿನಿಂದ ಇರುವ ದೂರ ಕಾಲವನ್ನು ಹೇಳಲಿ. ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು, ಅಧ್ಯಾಯದ ಹೆಸರಿನ ಸುತ್ತ ಪೆನ್ಸಿಲ್ಲಿನಿಂದ ಒಂದರ ಹೊರಗೊಂದು ಬರುವಂತೆ ಎರಡು ತೆಳುವಾದ ದೊಡ್ಡ ವೃತ್ತಗಳನ್ನು ಎಳೆಯಬೇಕು. ಆಗ ಮೂರು ವಲಯಗಳಾಗುತ್ತವೆ. ಗಡಿಗಳನ್ನು ಅಧ್ಯಾಯದ ತಿರುವುಗಳಲ್ಲಿಯೇ ಇಡಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ಗಡಿ 1789ರ ಮೇ 5, ಅಂದರೆ ಎಸ್ಟೇಟ್ ಎಂದು ಕರೆಯುತ್ತಿದ್ದ ಮೂರು ಸಾಮಾಜಿಕ ವರ್ಗಗಳ ಪ್ರತಿನಿಧಿಗಳ ಸಭೆಯಾದ ಎಸ್ಟೇಟ್ಸ್ ಜನರಲ್ ವರ್ಸೇಲ್ಸ್‌ನಲ್ಲಿ ಸೇರಿದ ದಿನ; ಎರಡನೆಯ ಗಡಿ 1792ರ ಸೆಪ್ಟೆಂಬರ್ 21, ಅಂದರೆ ಅರಸೊತ್ತಿಗೆಯನ್ನು ರದ್ದು ಮಾಡಿದ ದಿನ. ಒಳಗಿನ ವಲಯದಲ್ಲಿ ಕ್ರಾಂತಿಗೆ ಹಿಂದಿನದು, ನಡುವಿನದರಲ್ಲಿ ಅರಸನಿದ್ದ ಕ್ರಾಂತಿ, ಹೊರಗಿನದರಲ್ಲಿ ಅರಸನಿಲ್ಲದ ಕ್ರಾಂತಿ ಮತ್ತು ಅದರ ನಂತರದ್ದು.

ಈ ಏರ್ಪಾಡಿನಲ್ಲಿ ಕಾರಣ, ಘಟನೆ, ಪರಿಣಾಮಗಳ ವಿಂಗಡಣೆಯೂ ಒಂದು ಮಟ್ಟಿಗೆ ತಾನಾಗಿಯೇ ಬಂದುಬಿಡುತ್ತದೆ. 'ಕ್ರಾಂತಿಯ ಕಾರಣಗಳನ್ನು ವಿವರಿಸಿ' ಎಂಬ ಪ್ರಶ್ನೆ ಬಂದರೆ ಒಳಗಿನ ವಲಯವನ್ನು ಒಂದು ಸುತ್ತು ಹಾಕಿದರೆ ಸಾಕು. ಪ್ರತಿ ಕೊಂಬೆಯಿಂದ ಒಂದು ಪ್ಯಾರಾ ಹುಟ್ಟುತ್ತದೆ. 'ಕ್ರಾಂತಿಯು ಮಹಿಳೆಯರಿಗೆ ಏನು ಕೊಟ್ಟಿತು' ಎಂದು ಕೇಳಿದರೆ ಒಂದೇ ಕೊಂಬೆಯ ಮೇಲೆ ಒಳಗಿನಿಂದ ಹೊರಗೆ ನಡೆಯಬೇಕು. ಎರಡು ಬಗೆಯ ಪ್ರಶ್ನೆಗಳಿಗೂ ಒಂದೇ ನಕ್ಷೆ ಒದಗುವುದು ಇದರ ದೊಡ್ಡ ಅನುಕೂಲ.

ನಕ್ಷೆಯನ್ನು ತುಂಬುವುದು

ತೆರಿಗೆಯ ಕೊಂಬೆಯಿಂದ ಆರಂಭಿಸೋಣ. ಒಳಗಿನ ವಲಯದಲ್ಲಿ ಮೂರು ಸಂಗತಿಗಳು ಸಾಕು. ಪಾದ್ರಿಗಳ ಮೊದಲ ಎಸ್ಟೇಟ್ ಮತ್ತು ಶ್ರೀಮಂತ ಮನೆತನಗಳ ಎರಡನೆಯ ಎಸ್ಟೇಟ್‌ಗೆ ತೆರಿಗೆಯಲ್ಲಿ ವಿಶೇಷ ವಿನಾಯಿತಿಗಳಿದ್ದವು. ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ನೀಡಿದ ನೆರವಿನಿಂದ ಫ್ರಾನ್ಸಿನ ಸಾಲ ಇನ್ನಷ್ಟು ಬೆಳೆಯಿತು. ಹೊಸ ತೆರಿಗೆಗೆ ಒಪ್ಪಿಗೆ ಪಡೆಯಲು, 1614ರ ನಂತರ ಒಮ್ಮೆಯೂ ಸೇರದಿದ್ದ ಎಸ್ಟೇಟ್ಸ್ ಜನರಲ್ ಅನ್ನು ಕರೆಯಬೇಕಾಯಿತು. ಇವುಗಳನ್ನು 'ವಿನಾಯಿತಿ', 'ಅಮೆರಿಕ–ಸಾಲ', '1614ರ ನಂತರ' ಎಂದು ಎರಡು ಮೂರು ಪದಗಳಲ್ಲಿಯೇ ಬರೆಯಬೇಕು, ಏಕೆಂದರೆ ಪೂರ್ಣ ವಾಕ್ಯ ಬರೆದರೆ ಮುಂದೆ ನಕ್ಷೆಯನ್ನು ನೋಡುವಾಗ ನೆನಪಿಸಿಕೊಳ್ಳಲು ಏನೂ ಉಳಿಯುವುದಿಲ್ಲ, ಓದುವುದಷ್ಟೇ ಉಳಿಯುತ್ತದೆ. ನಡುವಿನ ವಲಯದಲ್ಲಿ 1789ರ ಆಗಸ್ಟ್ 4ರ ರಾತ್ರಿ, ಅಂದು ಊಳಿಗಮಾನ್ಯ ಸವಲತ್ತುಗಳನ್ನು ಕೈಬಿಡುವ ನಿರ್ಣಯವಾಯಿತು. ಅದೇ ನವೆಂಬರ್‌ನಲ್ಲಿ ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡದ್ದು. ಹೊರಗಿನ ವಲಯದಲ್ಲಿ 1793ರ ಜುಲೈ, ಆಗ ಉಳಿದಿದ್ದ ಊಳಿಗಮಾನ್ಯ ಬಾಕಿಗಳನ್ನು ಪರಿಹಾರವಿಲ್ಲದೆ ರದ್ದುಪಡಿಸಲಾಯಿತು.

ಬ್ರೆಡ್ಡಿನ ಕೊಂಬೆ ಚಿಕ್ಕದು, ಆದರೆ ನನಗೆ ಅತ್ಯಂತ ಮೆಚ್ಚಿನದು, ಏಕೆಂದರೆ ಪುಸ್ತಕವನ್ನು ಸಾಲಾಗಿ ಓದುವಾಗ ಈ ಸಂಗತಿಗಳು ಒಂದಕ್ಕೊಂದು ಸಂಬಂಧಿಸಿದವು ಎಂದು ಹೊಳೆಯುವುದೇ ಇಲ್ಲ. ಒಳಗೆ 1788ರ ಕೈಕೊಟ್ಟ ಬೆಳೆ ಮತ್ತು ಅದರ ಹಿಂದೆಯೇ ಬಂದ ಕಡು ಚಳಿಗಾಲ. ನಡುವೆ 1789ರ ಅಕ್ಟೋಬರ್ 5, ಅಂದು ಪ್ಯಾರಿಸ್ಸಿನ ಮಹಿಳೆಯರು ಬ್ರೆಡ್ಡಿಗಾಗಿ ವರ್ಸೇಲ್ಸ್‌ಗೆ ನಡೆದರು. ಹೊರಗೆ 1793ರ ಸೆಪ್ಟೆಂಬರ್‌ನ ಗರಿಷ್ಠ ಬೆಲೆ ಕಾನೂನು, 1794ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದ್ದು, 1795ರ ವಸಂತದಲ್ಲಿ ಬ್ರೆಡ್ ಬೇಕೆಂದು ಪ್ಯಾರಿಸ್ಸಿನಲ್ಲಿ ಮತ್ತೆ ಎದ್ದ ದಂಗೆಗಳು. ಕಾಲಕ್ರಮದ ನಕ್ಷೆಯಲ್ಲಿ ಗರಿಷ್ಠ ಬೆಲೆ ಕಾನೂನು 1793ರ ಕೊಂಬೆಯಲ್ಲಿ ಗಿಲೊಟಿನ್‌ನ ಪಕ್ಕದಲ್ಲಿ ಒಂದು ಸಣ್ಣ ವಿವರವಾಗಿ ಬಿದ್ದಿರುತ್ತದೆ. ಇಲ್ಲಿ ಅದು ಐದು ವರ್ಷಗಳ ಹಸಿವಿಗೆ ಸರ್ಕಾರವೊಂದು ಕೊಟ್ಟ ಉತ್ತರವಾಗಿ ಕಾಣುತ್ತದೆ.

ಹಕ್ಕಿನ ಕೊಂಬೆಯ ಒಳಭಾಗದಲ್ಲಿ ಎಸ್ಟೇಟ್ಸ್ ಜನರಲ್‌ನ ಹಳೆಯ ಮತದಾನ ಪದ್ಧತಿ ಬರುತ್ತದೆ. ಎಸ್ಟೇಟ್‌ಗೊಂದು ಮತ ಎಂಬ ನಿಯಮದಿಂದಾಗಿ, ಜನಸಂಖ್ಯೆಯ ಬಹುಪಾಲು ಸೇರಿದ್ದ ಮೂರನೆಯ ಎಸ್ಟೇಟ್ ಯಾವಾಗಲೂ ಎರಡಕ್ಕೆ ಒಂದರಂತೆ ಸೋಲುವ ಸ್ಥಿತಿಯಲ್ಲಿತ್ತು. ನಡುವಿನ ವಲಯದಲ್ಲಿ 1789ರ ಆಗಸ್ಟ್ 26ರ ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆಯನ್ನು ಬರೆದು, ಅದರ ಪಕ್ಕದಲ್ಲಿಯೇ 1791ರ ಸಂವಿಧಾನ ಮಾಡಿದ 'ಸಕ್ರಿಯ' ನಾಗರಿಕ ಎಂಬ ಮಿತಿಯನ್ನು ಬರೆಯಬೇಕು: ವಯಸ್ಸು 25 ತುಂಬಿದ, ಕನಿಷ್ಠ ಮೂರು ದಿನದ ಕೂಲಿಗೆ ಸಮನಾದ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತ. ಅದೇ 1791ರಲ್ಲಿ ಒಲಿಂಪ್ ದ ಗೂಜ್ ಮಹಿಳೆಯರ ಹಕ್ಕುಗಳ ಘೋಷಣೆಯನ್ನು ಬರೆದರು. ಹೊರಗೆ 1793ರಲ್ಲಿ ಮಹಿಳಾ ಕ್ಲಬ್‌ಗಳ ನಿಷೇಧ. 1794ರ ಫೆಬ್ರವರಿಯಲ್ಲಿ ವಸಾಹತುಗಳಲ್ಲಿ ಗುಲಾಮಗಿರಿಯ ರದ್ದತಿ, 1802ರಲ್ಲಿ ನೆಪೋಲಿಯನ್ನನಿಂದ ಅದರ ಮರುಸ್ಥಾಪನೆ, 1848ರಲ್ಲಿ ಕೊನೆಯ ರದ್ದತಿ. ಮತ್ತು ತೀರ ಅಂಚಿನಲ್ಲಿ, ಫ್ರಾನ್ಸಿನ ಮಹಿಳೆಯರಿಗೆ ಮತದ ಹಕ್ಕು ಬಂದ 1944. ಘೋಷಣೆಯಿಂದ ಈ ಕೊನೆಯ ವರ್ಷದವರೆಗಿನ ಉದ್ದವಾದ ಗೆರೆಯನ್ನು ಕೈಯಿಂದಲೇ ಎಳೆದ ವಿದ್ಯಾರ್ಥಿಗೆ, ಆ ಘೋಷಣೆಯ 'ಎಲ್ಲರೂ' ಎಂಬ ಮಾತಿನ ಮಿತಿಯನ್ನು ಬೇರೆ ಯಾರೂ ವಿವರಿಸಬೇಕಾಗುವುದಿಲ್ಲ.

ಉಳಿದದ್ದು ಅಧಿಕಾರದ ಕೊಂಬೆ, ಮತ್ತು ತೊಂದರೆ ಕಾಣಿಸಿಕೊಳ್ಳುವುದೂ ಇದರಲ್ಲಿಯೇ. ಒಳಗೆ 1774ರಲ್ಲಿ ಪಟ್ಟಕ್ಕೆ ಬಂದ ಹದಿನಾರನೆಯ ಲೂಯಿ, ಅಧಿಕಾರವನ್ನು ವಿಭಾಗಿಸಬೇಕೆಂದ ಮಾಂಟೆಸ್ಕ್ಯೂ, ಜನರ ಒಪ್ಪಂದವೇ ಅಧಿಕಾರದ ಮೂಲ ಎಂದ ರೂಸೋ. ನಡುವೆ 1789ರ ಜೂನ್ 17ರ ರಾಷ್ಟ್ರೀಯ ಸಭೆ, ಜೂನ್ 20ರ ಟೆನಿಸ್ ಅಂಗಳದ ಪ್ರತಿಜ್ಞೆ, ಜುಲೈ 14, ಅರಸ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದ 1791ರ ಜೂನ್, ಸಂವಿಧಾನ, ಯುದ್ಧ, ಅರಸೊತ್ತಿಗೆ ಉರುಳಿದ 1792ರ ಆಗಸ್ಟ್ 10. ಹೊರಗೆ ಅರಸನ ಮರಣದಂಡನೆ, ಭೀಕರ ಆಡಳಿತ, ಅದರ ಮುಂದಾಳು ರೋಬ್ಸ್‌ಪಿಯರ್‌ನ ಪತನ, ಐವರು ಸೇರಿ ಆಳಿದ ಡೈರೆಕ್ಟರಿ, ನೆಪೋಲಿಯನ್ನನನ್ನು ಅಧಿಕಾರಕ್ಕೆ ತಂದ 1799ರ ನವೆಂಬರ್‌ನ ಕ್ಷಿಪ್ರಕ್ರಾಂತಿ. ಹದಿನೈದು ಸಂಗತಿಗಳು ಒಂದೇ ಕೊಂಬೆಯ ಮೇಲೆ ಇಕ್ಕಟ್ಟಾಗಿ ಕೂತಿವೆ, ಬ್ರೆಡ್ಡಿನ ಕೊಂಬೆಯ ಮೇಲೆ ಆರೇ ಇವೆ.

ಒಂದು ಕೊಂಬೆಯ ಭಾರ ಉಳಿದವುಗಳ ಎರಡರಷ್ಟಾದರೆ ಆ ಎಳೆ ಬಹಳ ಅಗಲವಾಗಿದೆ ಎಂದು ತಿಳಿಯಬೇಕು. ಆಗ ಪ್ರಶ್ನೆಯನ್ನು ಒಡೆಯಬೇಕು. ಇಲ್ಲಿ 'ಅರಸನ ಕೈಯಿಂದ ಅಧಿಕಾರ ಹೇಗೆ ಜಾರಿತು?' ಎಂಬುದು 1774ರಿಂದ ಆರಂಭವಾಗಿ 1793ರ ಜನವರಿ 21ರಂದು, ಅಂದರೆ ಲೂಯಿಯ ಮರಣದಂಡನೆಯೊಂದಿಗೆ ಕೊನೆಗೊಳ್ಳುವ ಕೊಂಬೆಯಾಗುತ್ತದೆ. 'ಜನರ ಹೆಸರಿನಲ್ಲಿ ಆಳಿದವರು ಯಾರು?' ಎಂಬುದು ಚಿಂತಕರಿಂದ ಆರಂಭವಾಗಿ, ರಾಷ್ಟ್ರೀಯ ಸಭೆಯನ್ನು ಹಾದು, ನೆಪೋಲಿಯನ್ನನವರೆಗೆ ಹೋಗುವ ಇನ್ನೊಂದು ಕೊಂಬೆಯಾಗುತ್ತದೆ. ಹೀಗೆ ಒಡೆದ ಮೇಲೆ ಐದು ಕೊಂಬೆಗಳಲ್ಲಿ ಸುಮಾರು ಮೂವತ್ತೈದು ಸಂಗತಿಗಳಾದವು. ಒಂದು ಎ4 ಹಾಳೆಗೆ ಇದೇ ಮಿತಿ ಎಂದು ನನ್ನ ಅಭಿಪ್ರಾಯ; ಇದಕ್ಕಿಂತ ಹೆಚ್ಚಾದರೆ ಅಕ್ಷರಗಳು ಚಿಕ್ಕದಾಗುತ್ತವೆ, ಹಾಳೆಯಲ್ಲಿ ಯಾವುದು ಎಲ್ಲಿತ್ತು ಎಂಬ ಸ್ಥಾನದ ನೆನಪು ಕೈಬಿಡುತ್ತದೆ.

ಎರಡು ಕೊಂಬೆಗಳಿಗೆ ಸೇರುವ ಸಂಗತಿ

ಅಕ್ಟೋಬರ್ 5ರ ಮಹಿಳೆಯರ ನಡಿಗೆಯನ್ನು ಮತ್ತೊಮ್ಮೆ ನೋಡೋಣ. ಅವರು ಹೊರಟದ್ದು ಬ್ರೆಡ್ಡಿಗಾಗಿ, ಆದರೆ ಮರುದಿನ ಅರಸನ ಕುಟುಂಬವನ್ನೇ ಪ್ಯಾರಿಸ್ಸಿಗೆ ಕರೆದುಕೊಂಡು ಬಂದರು. ಅಲ್ಲಿಂದಾಚೆಗೆ ಲೂಯಿ ರಾಜಧಾನಿಯ ಜನರ ಕಣ್ಣಳತೆಯಲ್ಲಿಯೇ ಇರಬೇಕಾಯಿತು. ಇದು ಬ್ರೆಡ್ಡಿನ ಎಳೆಯೋ, ಅರಸನ ಎಳೆಯೋ? ಎರಡೂ ಕಡೆ ಬರೆಯುವುದು ಒಂದು ಆಯ್ಕೆ, ಆದರೆ ಹಾಗೆ ಬರೆದ ಸಂಗತಿಗಳು ಹೆಚ್ಚಾದಂತೆ ನಕ್ಷೆ ತುಂಬಿಹೋಗುತ್ತದೆ ಮತ್ತು ನಿರ್ಧರಿಸುವ ಕೆಲಸ ತಪ್ಪಿಹೋಗುತ್ತದೆ. ಸಂಗತಿಯನ್ನು ಅದರ ಕಾರಣವಿರುವ ಕೊಂಬೆಯ ಮೇಲೆ ಒಂದೇ ಬಾರಿ ಬರೆದು, ಅದರ ಪರಿಣಾಮವಿರುವ ಕೊಂಬೆಗೆ ಚುಕ್ಕಿಗಳ ಬಾಣ ಎಳೆಯುವುದು ಉತ್ತಮ. ಆ ಬಾಣದ ಮೇಲೆ ಒಂದು ಕ್ರಿಯಾಪದ ಬರೆಯಲೇಬೇಕು. ಇಲ್ಲಿ 'ಎಳೆತಂದರು' ಎಂದು ಬರೆಯಬಹುದು. ಪದವಿಲ್ಲದ ಬಾಣ 'ಏನೋ ಸಂಬಂಧವಿದೆ' ಎಂದಷ್ಟೇ ಹೇಳುತ್ತದೆ, ಮತ್ತು ಎರಡು ವಾರಗಳ ನಂತರ ಅದು ಯಾವ ಸಂಬಂಧ ಎಂಬುದು ಬರೆದವರಿಗೇ ತಿಳಿಯುವುದಿಲ್ಲ.

ಇಂಥ ಬಾಣಗಳು ಒಂದು ನಕ್ಷೆಯಲ್ಲಿ ನಾಲ್ಕೈದು ಇದ್ದರೆ ಸಾಕು. ಅವುಗಳಲ್ಲಿ ಒಂದು ಆಗಸ್ಟ್ 4ಕ್ಕೆ ಬರಲೇಬೇಕು: ಬೆಳೆದು ನಿಂತ ಪೈರನ್ನು ಹಾಳುಮಾಡಲು ಕೂಲಿ ದರೋಡೆಕೋರರು ಬರುತ್ತಿದ್ದಾರೆಂಬ ವದಂತಿ 1789ರ ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಹಬ್ಬಿ, ರೈತರು ಜಮೀನ್ದಾರರ ಕೋಟೆಮನೆಗಳ ಮೇಲೆ ಎರಗಿ, ಆ ಭಯವೇ ಸವಲತ್ತುಗಳನ್ನು ಬಿಟ್ಟುಕೊಡುವಂತೆ ಸಭೆಯನ್ನು ಒತ್ತಿತು. ಬ್ರೆಡ್ಡಿನ ಕೊಂಬೆಯಿಂದ ತೆರಿಗೆಯ ಕೊಂಬೆಗೆ ಎಳೆದ ಈ ಬಾಣದ ಮೇಲಿನ ಪದ 'ಹೆದರಿಸಿತು'. ಬಾಣಗಳು ಹತ್ತನ್ನು ದಾಟಿದರೆ ಎಳೆಗಳನ್ನು ಆರಿಸಿದ್ದೇ ಸರಿಯಾಗಿಲ್ಲ ಎಂದು ಅನುಮಾನಿಸಬೇಕು. ಒಂದೂ ಬಾಣ ಬೇಡವೆನಿಸಿದರೆ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ತಪ್ಪನ್ನು ತೋರಿಸುವ ಇನ್ನೊಂದು ಗುರುತು 'ಇತರೆ' ಎಂಬ ಕೊಂಬೆ. ಒಂದೆರಡು ಸಂಗತಿಗಳು ಎಲ್ಲಿಯೂ ಸೇರದೆ ಉಳಿಯುವುದು ಸಹಜ. ಅವನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟರಾಯಿತು. ನಾಲ್ಕು ಸಂಗತಿಗಳು ಅಲ್ಲಿ ಸೇರಿಕೊಂಡರೆ, ಬಹುತೇಕ ಅವುಗಳ ನಡುವೆ ಇನ್ನೂ ಹೆಸರಿಡದ ಒಂದು ಎಳೆ ಇರುತ್ತದೆ.

ಪುಸ್ತಕ ತೆರೆದಿಟ್ಟೋ, ಮುಚ್ಚಿಟ್ಟೋ?

ಕೊಂಬೆಗಳ ಆಯ್ಕೆಯಷ್ಟೇ ಮುಖ್ಯವಾದ ಇನ್ನೊಂದು ಆಯ್ಕೆಯಿದೆ. 2011ರಲ್ಲಿ ಜೆಫ್ರಿ ಕಾರ್ಪಿಕಿ ಮತ್ತು ಜನೆಲ್ ಬ್ಲಂಟ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ವಿಜ್ಞಾನದ ಪಾಠವನ್ನು ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆದ ವಿದ್ಯಾರ್ಥಿಗಳಿಗಿಂತ, ಪಾಠವನ್ನು ಓದಿ ಮುಚ್ಚಿಟ್ಟು ನೆನಪಾದದ್ದನ್ನೆಲ್ಲ ಬರೆದು ಮತ್ತೆ ಓದಿದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಉತ್ತಮವಾಗಿ ಉತ್ತರಿಸಿದರು. ಆ ಪರೀಕ್ಷೆಯಲ್ಲಿ ನಕ್ಷೆಯನ್ನೇ ಬರೆಯಲು ಹೇಳಿದಾಗಲೂ ಫಲಿತಾಂಶ ಹಾಗೆಯೇ ಇತ್ತು. ನಕ್ಷೆ ನಿಷ್ಪ್ರಯೋಜಕ ಎಂದು ಇದರಿಂದ ಅರ್ಥ ಮಾಡಿಕೊಳ್ಳಬೇಕಿಲ್ಲ. ಪುಸ್ತಕ ನೋಡುತ್ತಾ ಬರೆದ ನಕ್ಷೆಯನ್ನು ಪುನರ್ಮನನ ಎಂದು ಭಾವಿಸಬಾರದು, ಅಷ್ಟೇ.

ಆದ್ದರಿಂದ ಕೆಲಸವನ್ನು ಎರಡಾಗಿ ಒಡೆಯುವುದು ಒಳ್ಳೆಯದು. ಎಳೆಗಳನ್ನು ಹುಡುಕಿ ಕೊಂಬೆಗಳಿಗೆ ಹೆಸರಿಡುವಾಗ ಪುಸ್ತಕ ತೆರೆದಿರಲಿ, ಏಕೆಂದರೆ ಅದು ಓದಿ ಯೋಚಿಸುವ ಹಂತ. ಕೊಂಬೆಗಳ ಮೇಲೆ ಸಂಗತಿಗಳನ್ನು ಕೂರಿಸುವಾಗ ಪುಸ್ತಕ ಮುಚ್ಚಿರಲಿ. ನೆನಪಾದಷ್ಟನ್ನು ನೀಲಿ ಶಾಯಿಯಲ್ಲಿ ಬರೆದು, ಪೂರ್ತಿ ಮುಗಿಯಿತು ಎನಿಸಿದ ಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಮತ್ತು ತಪ್ಪಾಗಿ ಬರೆದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಬೇಕು. ಕೆಂಪು ಎಲ್ಲಿ ದಟ್ಟವಾಗಿದೆ ಎಂಬುದೇ ಮುಂದೆ ಎಲ್ಲಿ ಓದಬೇಕು ಎಂಬುದನ್ನು ತೋರಿಸುತ್ತದೆ. ಒಂದು ಕೊಂಬೆ ಇಡಿಯಾಗಿ ಕೆಂಪಾಗಿದ್ದರೆ ಆ ಎಳೆ ಅರ್ಥವಾಗಿಲ್ಲ. ಎಲ್ಲ ಕೊಂಬೆಗಳ ಹೊರವಲಯ ಮಾತ್ರ ಕೆಂಪಾಗಿದ್ದರೆ ಅಧ್ಯಾಯದ ಕೊನೆಯ ಭಾಗವನ್ನು ಅವಸರದಲ್ಲಿ ಓದಲಾಗಿದೆ. ವೃತ್ತಗಳಿಲ್ಲದ ನಕ್ಷೆಯಲ್ಲಿ ಈ ಎರಡನೆಯ ದೋಷ ಪತ್ತೆಯಾಗುವುದಿಲ್ಲ.

ಕಾಗದವೋ ಆ್ಯಪ್ ಒಂದೋ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಕೊಂಬೆಗಳನ್ನು ಒಡೆಯುವುದು, ಸರಿಸುವುದು ಆ್ಯಪ್‌ನಲ್ಲಿ ಸುಲಭ, ಹಾಗಾಗಿ ಎಳೆಗಳನ್ನು ಹುಡುಕುವ ಮೊದಲ ಹಂತಕ್ಕೆ ಅದು ಅನುಕೂಲ. ಆದರೆ ಹಲವು ಆ್ಯಪ್‌ಗಳು ಕೊಂಬೆಗಳನ್ನು ತಾವೇ ಹೊಂದಿಸಿಬಿಡುವುದರಿಂದ ದೂರವನ್ನು ಕಾಲದ ಅಳತೆಯಾಗಿ ಬಳಸಲು ಬಿಡುವುದಿಲ್ಲ. ನೆನಪಿನಿಂದ ಬರೆಯುವ ಹಂತಕ್ಕೆ ಕಾಗದವನ್ನೇ ಆರಿಸಿಕೊಳ್ಳಬೇಕು.

ಎಳೆಗಳ ನಕ್ಷೆ ಬೇಡವಾದ ಅಧ್ಯಾಯಗಳು

ಎಲ್ಲ ಅಧ್ಯಾಯಗಳಿಗೂ ಈ ಕ್ರಮವನ್ನು ಹೇರಬಾರದು. ಮೊದಲ ಮಹಾಯುದ್ಧ ಆರಂಭವಾದ ಬಗೆಯನ್ನು ಹೇಳುವ ಭಾಗವನ್ನು ತೆಗೆದುಕೊಂಡರೆ, 1914ರ ಜೂನ್ 28ರಂದು ಸರಯೇವೋದಲ್ಲಿ ನಡೆದ ಆಸ್ಟ್ರಿಯಾ-ಹಂಗೇರಿಯ ಯುವರಾಜನ ಕೊಲೆ, ಜುಲೈ 28ರಂದು ಆಸ್ಟ್ರಿಯಾ-ಹಂಗೇರಿಯು ಸರ್ಬಿಯಾದ ಮೇಲೆ ಸಾರಿದ ಯುದ್ಧ, ಆಗಸ್ಟ್ 1ರಂದು ರಷ್ಯಾದ ಮೇಲೆ ಮತ್ತು 3ರಂದು ಫ್ರಾನ್ಸಿನ ಮೇಲೆ ಜರ್ಮನಿ ಸಾರಿದ ಯುದ್ಧ, 4ರಂದು ಬ್ರಿಟನ್ನಿನ ಪ್ರವೇಶ ಇವೆಲ್ಲ ಒಂದನ್ನೊಂದು ತಳ್ಳಿಕೊಂಡು ಬಂದ ಘಟನೆಗಳು. ಇಲ್ಲಿ ಕ್ರಮವೇ ವಿಷಯ. ಐದೂವರೆ ವಾರಗಳ ಒಂದು ನೇರ ಗೆರೆಯೇ ಅತ್ಯುತ್ತಮ ನಕ್ಷೆ. ಅದೇ ಯುದ್ಧದ ದೂರದ ಕಾರಣಗಳಿಗೆ, ಅಂದರೆ ಮೈತ್ರಿಕೂಟಗಳು, ವಸಾಹತುಗಳ ಪೈಪೋಟಿ, ಬಾಲ್ಕನ್ ರಾಷ್ಟ್ರೀಯತೆಗಳಿಗೆ ಬಂದರೆ ಮತ್ತೆ ಎಳೆಗಳೇ ಬೇಕು. ಇಟಲಿಯ ಮತ್ತು ಜರ್ಮನಿಯ ಏಕೀಕರಣದಂತೆ ಎರಡು ದೇಶಗಳನ್ನು ಅಕ್ಕಪಕ್ಕ ಇಡುವ ಅಧ್ಯಾಯಕ್ಕೆ ಎರಡು ಕಂಬಸಾಲುಗಳ ಕೋಷ್ಟಕ ಹೆಚ್ಚು ಒಪ್ಪುತ್ತದೆ, ಏಕೆಂದರೆ ಇಟಲಿಯನ್ನು ಒಂದುಗೂಡಿಸಿದ ಕವೂರ್‌ನ ಎದುರಿಗೆ ಜರ್ಮನಿಯನ್ನು ಒಂದುಗೂಡಿಸಿದ ಬಿಸ್ಮಾರ್ಕ್ ಬಂದಾಗಲೇ ಹೋಲಿಕೆ ಕಣ್ಣಿಗೆ ಕಾಣುವುದು. ಕೊಂಬೆಗಳ ಮೇಲೆ ಅವರು ಹಾಳೆಯ ಎರಡು ತುದಿಗಳಲ್ಲಿ ಉಳಿದುಬಿಡುತ್ತಾರೆ.

ಯಾವುದು ಬೇಕೆಂದು ತಿಳಿಯಲು ಹತ್ತು ನಿಮಿಷ ಸಾಕು. ಅಧ್ಯಾಯದಲ್ಲಿ ಮೂರು ಕಡೆ ಮರಳಿ ಬರುವ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಬೇಕು. ಮೂರಿಂದ ಐದು ಪ್ರಶ್ನೆಗಳು ಸಿಕ್ಕರೆ ಎಳೆಗಳ ನಕ್ಷೆಯನ್ನು ಆರಂಭಿಸಬಹುದು. ಒಂದೇ ಸಿಕ್ಕರೆ ಅದು ನೇರ ಗೆರೆಯ ಅಧ್ಯಾಯ. ಎಂಟು ಸಿಕ್ಕರೆ ಅವುಗಳಲ್ಲಿ ಕೆಲವು ಒಂದೇ ಪ್ರಶ್ನೆಯ ಬೇರೆ ಮುಖಗಳಾಗಿರುತ್ತವೆ. ಅವನ್ನು ಜೋಡಿಸಿದ ಮೇಲೆಯೇ ಮೊದಲ ಕೊಂಬೆಯನ್ನು ಎಳೆಯಬೇಕು.